ಎಂಜಿನ್ ತನ್ನ ಹೊಗೆಯನ್ನು ತಾನೇ ನುಂಗುವ ಬಗೆ

ನಮ್ಮ ಮನೆಯಲ್ಲಿ 1.2 ಲೀಟರಿನ ಒಂದು ಹಳೆ ಪೆಟ್ರೋಲ್ ಕಾರಿದೆ. ತೊಂಬತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ, ಅದನ್ನು ನಿಲ್ಲಿಸುವ ಜಾಗದಲ್ಲಿ ಆಯಿಲ್ ಹನಿ ಬೀಳೋಕೆ ಶುರುವಾಯಿತು. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆಯಿಂದ ಸೋರುತ್ತಿತ್ತು. ಅಲ್ಲಿ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡ, ಹೊರಗೆ ಬರುವ ಜಾಗದಲ್ಲಿ ಒಂದು ರಬ್ಬರ್ ಸೀಲ್ ಇರುತ್ತದೆ. ಸೀಲ್ ಚಿಕ್ಕದು, ಬೆಲೆಯೂ ಕಡಿಮೆ. ಆದರೆ ಅದನ್ನು ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು. ಇಳಿಸಿದೆವು, ಹೊಸ ಸೀಲ್ ಹಾಕಿಸಿದೆವು. ಮೂರು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಹನಿ.

ಈ ಸಲ ಗ್ಯಾರೇಜಿನವರು ಎಂಜಿನ್ ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದರು. ಒಳಗಿಂದ ಬಿಸಿ ಗಾಳಿ ಪುಸ್ ಪುಸ್ ಅಂತ ಬಂತು. "ಬ್ಯಾಕ್ ಕಂಪ್ರೆಶನ್ ಜಾಸ್ತಿ ಇದೆ ಸಾರ್, ರಿಂಗ್ ಹೋಗಿರಬೇಕು, ಎಂಜಿನ್ ಬಿಚ್ಬೇಕು" ಅಂದರು. ಹಳೆ ಕಾರು ಕೊಳ್ಳಲು ಹೋದವರು ಈ ಮಾತನ್ನು ಕೇಳಿಯೇ ಇರುತ್ತೀರಿ. ಆದರೆ ಆ ಎಂಜಿನ್ ಬಿಚ್ಚಬೇಕಾಗಿ ಬರಲಿಲ್ಲ. ಕೆಟ್ಟಿದ್ದು ಬೆರಳುದ್ದದ ಒಂದು ವಾಲ್ವ್. ಅದು ಏನು ಮಾಡುತ್ತದೆ, ಅದು ಕಟ್ಟಿಕೊಂಡರೆ ಎಲ್ಲೋ ದೂರದ ಸೀಲ್ ಯಾಕೆ ಸೋರುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಆ ಬ್ಯಾಕ್ ಕಂಪ್ರೆಶನ್ ಏನು ಅಂತ ನೋಡೋಣ. ಪುಸ್ತಕದಲ್ಲಿ ಇದರ ಹೆಸರು ಬ್ಲೋ-ಬೈ. ಪಿಸ್ಟನ್ ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುತ್ತದೆ. ಎರಡರ ನಡುವಿನ ಸಂದನ್ನು ಮುಚ್ಚುವುದು ಪಿಸ್ಟನ್ ರಿಂಗುಗಳು. ರಿಂಗ್ ಅಂದರೆ ಪೂರ್ತಿ ಬಳೆ ಅಲ್ಲ, ಒಂದು ಕಡೆ ಸೀಳಿದ ಬಳೆ. ಬಿಸಿಗೆ ಹಿಗ್ಗಿದಾಗ ಸಿಕ್ಕಿಹಾಕಿಕೊಳ್ಳಬಾರದು ಅಂತ ಆ ಸೀಳನ್ನು ಬೇಕಂತಲೇ ಬಿಟ್ಟಿರುತ್ತಾರೆ. ಸಣ್ಣ ಕಾರಿನ ಎಂಜಿನ್‌ನಲ್ಲಿ ಅದು ಮಿಲಿಮೀಟರಿನ ಕಾಲು ಭಾಗದಷ್ಟು ಇರಬಹುದು. ಅಷ್ಟು ಸಾಕು. ಪಿಸ್ಟನ್ ಮೇಲೆ ಹೋಗುತ್ತಾ ಗಾಳಿ ಪೆಟ್ರೋಲಿನ ಮಿಶ್ರಣವನ್ನು ಒತ್ತುವಾಗ ಸ್ವಲ್ಪ, ಅದು ಉರಿದು ಒತ್ತಡ ಏರಿದಾಗ ಇನ್ನೂ ಸ್ವಲ್ಪ, ಹೀಗೆ ಪ್ರತಿ ಸಲವೂ ಚೂರು ಅನಿಲ ಕೆಳಕ್ಕೆ ನುಸುಳುತ್ತದೆ. ಹೊಸ ಎಂಜಿನ್ ಆದರೂ ಅಷ್ಟೇ. ಬ್ಲೋ-ಬೈ ಇಲ್ಲದ ಪಿಸ್ಟನ್ ಎಂಜಿನ್ ಇಲ್ಲ.

ಹೀಗೆ ನುಸುಳಿದ್ದು ಹೋಗುವುದು ಕ್ರ್ಯಾಂಕ್‌ಕೇಸಿಗೆ, ಅಂದರೆ ಕ್ರ್ಯಾಂಕ್‌ಶಾಫ್ಟ್ ತಿರುಗುವ, ಕೆಳಗೆ ಆಯಿಲ್ ತುಂಬಿರುವ ಆ ಮುಚ್ಚಿದ ಜಾಗಕ್ಕೆ. ಅದರಲ್ಲಿ ಬಹುಪಾಲು ಉರಿಯದೇ ಉಳಿದ ಗಾಳಿ ಮತ್ತು ಪೆಟ್ರೋಲ್. ಉಳಿದದ್ದು ಉರಿದ ಹೊಗೆ, ಅದರ ಜೊತೆ ನೀರಿನ ಆವಿ. ನೀರು ಎಲ್ಲಿಂದ ಬಂತು ಅನ್ನಿಸಬಹುದು. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಉರಿದರೆ ಆಗುವುದೇ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರಿನಷ್ಟು ಆವಿ ಹುಟ್ಟುತ್ತದೆ. ಹೆಚ್ಚಿನದು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಆದರೆ ಅದರ ಒಂದು ಪಾಲು ಆಯಿಲಿನ ಮನೆಗೂ ಇಳಿಯುತ್ತದೆ.

ಇದನ್ನು ಅಲ್ಲೇ ಬಿಟ್ಟರೆ ಎರಡು ತೊಂದರೆ. ಒಂದು, ಒತ್ತಡ. ಮುಚ್ಚಿದ ಡಬ್ಬಿಗೆ ಅನಿಲ ತುಂಬುತ್ತಲೇ ಇದ್ದರೆ ಅದು ಎಲ್ಲಾದರೂ ದಾರಿ ಮಾಡಿಕೊಳ್ಳಲೇಬೇಕು. ಎಂಜಿನ್‌ನಲ್ಲಿ ಎಲ್ಲಕ್ಕಿಂತ ಮೆತ್ತಗಿನ ಜಾಗ ಆಯಿಲ್ ಸೀಲಿನ ರಬ್ಬರ್ ತುಟಿ. ಆ ತುಟಿ ಇರುವುದು ಆಯಿಲ್ ಹೊರಗೆ ಚಿಮ್ಮದಂತೆ ತಡೆಯಲು, ಒತ್ತಡ ತಡೆಯಲು ಅಲ್ಲ. ಎರಡನೆಯದು, ನೀರು. ಆವಿ ತಣ್ಣಗಾಗಿ ಆಯಿಲಿಗೆ ಸೇರಿದರೆ ಅದು ಕೆಸರಿನಂತೆ ಗಟ್ಟಿಯಾಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ದಿನಾ ಎರಡೇ ಕಿಲೋಮೀಟರ್ ಓಡಿಸುವವರು ಆಯಿಲ್ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿ ನೋಡಲಿ. ಬೆಣ್ಣೆಯಂಥ ಬಿಳಿ ಅಂಟು ಸಿಗಬಹುದು. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆದರೆ ಆ ನೀರು ಹೊರಗೆ ಹೋಗಲು ಸಮಯವೇ ಸಿಗುವುದಿಲ್ಲ.

ಹಾಗಾಗಿ ಕ್ರ್ಯಾಂಕ್‌ಕೇಸಿಗೆ ಗಾಳಿ ಆಡಬೇಕು. ಹಳೇ ಕಾಲದ ಕಾರುಗಳಲ್ಲಿ ಇದಕ್ಕೆ ಸುಲಭದ ಉಪಾಯ ಇತ್ತು. ಕ್ರ್ಯಾಂಕ್‌ಕೇಸಿನಿಂದ ಒಂದು ಪೈಪನ್ನು ಕಾರಿನ ತಳದವರೆಗೆ ಇಳಿಬಿಟ್ಟು, ಅದರ ತುದಿಯನ್ನು ಓರೆಯಾಗಿ ಕತ್ತರಿಸುತ್ತಿದ್ದರು. ಕಾರು ಓಡುವಾಗ ಕೆಳಗೆ ಬೀಸುವ ಗಾಳಿ ಆ ತುದಿಯಲ್ಲಿ ಒತ್ತಡ ಕಡಿಮೆ ಮಾಡಿ ಒಳಗಿನ ಹೊಗೆಯನ್ನು ಎಳೆದುಕೊಳ್ಳುತ್ತಿತ್ತು. ಮೇಲೆ ಆಯಿಲ್ ಮುಚ್ಚಳದ ಜಾಲರಿಯಿಂದ ಹೊಸ ಗಾಳಿ ಒಳಗೆ ಬರುತ್ತಿತ್ತು. ಕಾರು ನಿಂತಾಗ ಎಳೆತ ನಿಂತುಹೋಗುತ್ತಿತ್ತು. ನಿಧಾನವಾಗಿ ಊರೊಳಗೆ ಓಡುವ ಗಾಡಿಗಳಲ್ಲಿ ಆಯಿಲ್ ಬೇಗ ಕೆಸರಾಗುತ್ತಿತ್ತು. ರಸ್ತೆಯ ನಡುವೆ ಉದ್ದಕ್ಕೂ ಆಯಿಲಿನ ಕಪ್ಪು ಗೆರೆ ಬೀಳುತ್ತಿತ್ತು.

ರಸ್ತೆಗಿಂತ ದೊಡ್ಡ ತೊಂದರೆ ಗಾಳಿಯದ್ದು. ಲಾಸ್ ಏಂಜಲಿಸ್ ನಗರದಲ್ಲಿ 1940ರ ದಶಕದಿಂದಲೇ ಕಣ್ಣು ಉರಿಸುವ ಕಂದು ಮಬ್ಬು ಕವಿಯುತ್ತಿತ್ತು. ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿತ್ ಅವರು 1950ರ ದಶಕದ ಶುರುವಿನಲ್ಲಿ ಅದರ ಮೂಲ ತೋರಿಸಿಕೊಟ್ಟರು. ಉರಿಯದ ಪೆಟ್ರೋಲಿನ ಆವಿ, ನೈಟ್ರೋಜನ್ ಆಕ್ಸೈಡ್‌ಗಳು, ಮೇಲೆ ಬಿಸಿಲು. ಈ ಮೂರೂ ಸೇರಿದರೆ ಆ ಮಬ್ಬು. ಹಾಗಾದರೆ ಪೆಟ್ರೋಲ್ ಆವಿ ಕಾರಿನ ಯಾವ ಯಾವ ಜಾಗದಿಂದ ಬರುತ್ತಿದೆ ಅಂತ ಹುಡುಕಿದರು. ಎಲ್ಲರ ಕಣ್ಣು ಸೈಲೆನ್ಸರಿನ ಮೇಲೆ ಇತ್ತು. ಆದರೆ ಕಾರಿನಿಂದ ಹೊರಬೀಳುವ ಪೆಟ್ರೋಲ್ ಆವಿಯ ದೊಡ್ಡದೊಂದು ಪಾಲು ತಳದ ಆ ಪೈಪಿನಿಂದಲೇ ಬರುತ್ತಿತ್ತು. ಉರಿಯದ ಮಿಶ್ರಣವೇ ಹೆಚ್ಚಿರುವ ಹೊಗೆ ಅದು, ಬರದೇ ಇನ್ನೇನು?

ತಡೆಯಲು ತುಂಬಾ ಸುಲಭವಾದ ಪಾಲೂ ಅದೇ ಆಗಿತ್ತು. ಸೈಲೆನ್ಸರಿನ ಹೊಗೆ ಬಹುಪಾಲು ಉರಿದು ಮುಗಿದದ್ದು, ಅದನ್ನು ಶುದ್ಧ ಮಾಡಲು ಹೊಸ ಯಂತ್ರವೇ ಬೇಕು. ಇದು ಉರಿಯದ್ದು. ಇನ್ನೊಂದು ಸಲ ಎಂಜಿನ್‌ಗೆ ಕುಡಿಸಿದರೆ ಉರಿದುಹೋಗುತ್ತದೆ. ಪೈಪನ್ನು ರಸ್ತೆಯ ಕಡೆಯಿಂದ ತಿರುಗಿಸಿ ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಜೋಡಿಸಿದರೆ ಆಯಿತು. 1961ರ ಮಾದರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರುವ ಕಾರುಗಳಲ್ಲಿ, 1963ರಿಂದ ಇಡೀ ಅಮೆರಿಕದಲ್ಲಿ ಈ ಏರ್ಪಾಡು ಬಂತು. ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್, ಚಿಕ್ಕದಾಗಿ ಪಿಸಿವಿ. ಇಲ್ಲಿ ಪಾಸಿಟಿವ್ ಅಂದರೆ ಕಾರು ಓಡಲಿ, ನಿಲ್ಲಲಿ, ಎಂಜಿನ್ ತಾನಾಗಿ ಎಳೆದುಕೊಳ್ಳುತ್ತದೆ, ಬೀಸುವ ಗಾಳಿಯ ಮರ್ಜಿಗೆ ಕಾಯುವುದಿಲ್ಲ ಅಂತ.

ಪೈಪ್ ತಿರುಗಿಸಿದರೆ ಆಯಿತು ಅಂದೆ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ನಿಜವಾದ ಕಷ್ಟ ಶುರುವಾಗುವುದೇ ಇಲ್ಲಿಂದ.

ಮ್ಯಾನಿಫೋಲ್ಡ್ ಎಳೆಯುವುದು ಯಾಕೆ? ಥ್ರಾಟಲ್, ಅಂದರೆ ಆಕ್ಸಿಲರೇಟರ್ ತುಳಿದಂತೆ ತೆರೆಯುವ ಗಾಳಿಯ ಕದ, ಮುಚ್ಚಿರುವಾಗ ಪಿಸ್ಟನ್‌ಗಳು ಗಾಳಿಗಾಗಿ ಎಳೆಯುತ್ತವೆ, ಗಾಳಿ ಸಾಕಷ್ಟು ಬರುವುದಿಲ್ಲ, ಆದ್ದರಿಂದ ಅಲ್ಲಿ ಒತ್ತಡ ಕುಸಿಯುತ್ತದೆ. ಹೊರಗಿನ ಗಾಳಿಯ ಒತ್ತಡ 100 ಅಂತ ಇಟ್ಟುಕೊಳ್ಳಿ. ಎಂಜಿನ್ ಐಡಲ್‌ನಲ್ಲಿ ಇರುವಾಗ, ಅಂದರೆ ಸುಮ್ನೆ ನಿಂತಲ್ಲೇ ಗುರುಗುಡುವಾಗ, ಮ್ಯಾನಿಫೋಲ್ಡ್‌ನ ಒತ್ತಡ ಸುಮಾರು 35. ಎಳೆತ ಬಹಳ ಜೋರು. ಆದರೆ ಆಗ ಬ್ಲೋ-ಬೈ ತೀರಾ ಕಡಿಮೆ, ಯಾಕೆಂದರೆ ಎಂಜಿನ್ ಸ್ವಲ್ಪವೇ ಪೆಟ್ರೋಲ್ ಉರಿಸುತ್ತಿದೆ. ಈಗ ಚಾರ್ಮಾಡಿ ಘಾಟಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ತುಳಿದಿದ್ದೀರಿ ಅನ್ನಿ. ಥ್ರಾಟಲ್ ಬಾಯಿ ತೆರೆದಿದೆ, ಮ್ಯಾನಿಫೋಲ್ಡ್‌ನ ಒತ್ತಡ 97 ಅಥವಾ 98. ಎಳೆತ ಇಲ್ಲವೇ ಇಲ್ಲ ಅನ್ನುವಷ್ಟು. ಆದರೆ ಸಿಲಿಂಡರಿನಲ್ಲಿ ಉರಿ ಜೋರಾಗಿದೆ, ಬ್ಲೋ-ಬೈ ಎಲ್ಲಕ್ಕಿಂತ ಹೆಚ್ಚು ಬರುವುದು ಇದೇ ಹೊತ್ತಿನಲ್ಲಿ.

ಅಂದರೆ ಬೇಡದಾಗ ಎಳೆತ ಜಾಸ್ತಿ, ಬೇಕಾದಾಗ ಎಳೆತ ಇಲ್ಲ. ಸುಮ್ನೆ ಒಂದು ಪೈಪ್ ಜೋಡಿಸಿದರೆ ಎರಡೂ ಕಡೆ ಕೆಡುತ್ತದೆ. ಪೈಪ್ ದಪ್ಪ ಇದ್ದರೆ ಐಡಲ್‌ನಲ್ಲಿ ವಿಪರೀತ ಗಾಳಿ ಒಳಗೆ ಹೋಗುತ್ತದೆ. ಸಣ್ಣ ಇದ್ದರೆ ಘಾಟಿಯಲ್ಲಿ ಸಾಲುವುದಿಲ್ಲ.

ಇದಕ್ಕೆ ಉತ್ತರವೇ ಪಿಸಿವಿ ವಾಲ್ವ್. ನಮ್ಮ ಕಾರಿನಲ್ಲಿ ಅದು ಟ್ಯಾಪೆಟ್ ಕವರ್, ಅಂದರೆ ಎಂಜಿನ್ನಿನ ತಲೆಯ ಮೇಲಿನ ಮುಚ್ಚಳದ ಮೇಲೆ ಕೂತಿದೆ. ಒಳಗೆ ಒಂದು ಪುಟ್ಟ ಲೋಹದ ಗೂಟ, ಅದರ ಒಂದು ತುದಿ ಮೊನಚು. ಅದರ ಸುತ್ತ ಒಂದು ಮೆತ್ತಗಿನ ಸ್ಪ್ರಿಂಗ್. ಮ್ಯಾನಿಫೋಲ್ಡ್ ಗೂಟವನ್ನು ತನ್ನ ಕಡೆ ಎಳೆಯುತ್ತದೆ, ಸ್ಪ್ರಿಂಗ್ ಹಿಂದಕ್ಕೆ ತಳ್ಳುತ್ತದೆ. ಎಳೆತ ಜೋರಾದಾಗ ಗೂಟ ಮ್ಯಾನಿಫೋಲ್ಡ್‌ನ ಕಡೆಯ ತೂತಿನೊಳಗೆ ಸರಿದು ಅದನ್ನು ಬಹುತೇಕ ಮುಚ್ಚುತ್ತದೆ, ಸುತ್ತ ಸಣ್ಣ ಸಂದು ಮಾತ್ರ ಉಳಿಯುತ್ತದೆ. ಎಳೆತ ಕಡಿಮೆಯಾದಷ್ಟೂ ಸ್ಪ್ರಿಂಗ್ ಗೂಟವನ್ನು ಹಿಂದಕ್ಕೆ ತಳ್ಳಿ ದಾರಿ ಅಗಲ ಮಾಡುತ್ತದೆ. ಜೋರಾಗಿ ಎಳೆದರೆ ಸಣ್ಣ ಬಾಯಿ, ಮೆಲ್ಲಗೆ ಎಳೆದರೆ ದೊಡ್ಡ ಬಾಯಿ. ಕಂಪ್ಯೂಟರ್ ಇಲ್ಲ, ವೈರ್ ಇಲ್ಲ, ಒಂದು ಸ್ಪ್ರಿಂಗ್ ಅಷ್ಟೇ. ನನಗೆ ಇದು ಎಷ್ಟು ಸಲ ಯೋಚಿಸಿದರೂ ಖುಷಿ ಕೊಡುತ್ತದೆ.

ಅದೇ ಗೂಟಕ್ಕೆ ಇನ್ನೊಂದು ಕೆಲಸವೂ ಇದೆ. ಕೆಲವೊಮ್ಮೆ ಉರಿ ಹಿಂದಕ್ಕೆ ಹಾರಿ ಮ್ಯಾನಿಫೋಲ್ಡ್‌ನಲ್ಲಿ ಢಮ್ ಅನ್ನುತ್ತದೆ. ಆಗ ಒತ್ತಡ ತಿರುಗಿಬೀಳುತ್ತದೆ, ಗೂಟ ಹಿಂದಕ್ಕೆ ಹೋಗಿ ಕ್ರ್ಯಾಂಕ್‌ಕೇಸಿನ ಕಡೆಯ ಬಾಯಿಯನ್ನು ಮುಚ್ಚಿಬಿಡುತ್ತದೆ. ಆ ಕಡೆ ಇರುವುದು ಪೆಟ್ರೋಲ್ ಆವಿ ತುಂಬಿದ ಜಾಗ. ಬೆಂಕಿ ಅಲ್ಲಿಗೆ ತಲುಪಬಾರದು ಅಲ್ವಾ?

ನಮ್ಮ 1.2 ಲೀಟರ್ ಎಂಜಿನ್‌ಗೆ ಅಂದಾಜಿನ ಒಂದು ಲೆಕ್ಕ ಹಾಕೋಣ. ಐಡಲ್‌ನಲ್ಲಿ ನಿಮಿಷಕ್ಕೆ 800 ಸುತ್ತು. ಎರಡು ಸುತ್ತಿಗೆ ಒಮ್ಮೆ ಎಲ್ಲಾ ಸಿಲಿಂಡರ್‌ಗಳೂ ತುಂಬುತ್ತವೆ, ಅಂದರೆ ನಿಮಿಷಕ್ಕೆ 480 ಲೀಟರ್. ಆದರೆ ಅದು 35ರ ಒತ್ತಡದ ತೆಳು ಗಾಳಿ. ಹೊರಗಿನ ಗಾಳಿಯ ಲೆಕ್ಕಕ್ಕೆ ತಂದರೆ 168 ಲೀಟರ್, ಲೆಕ್ಕ ಸುಲಭವಾಗಲಿ ಅಂತ 150 ಅನ್ನೋಣ. ಅದರಲ್ಲಿ ಪಿಸಿವಿ ದಾರಿಯಲ್ಲಿ ಬರುವುದು 15 ಲೀಟರ್ ಅಂದುಕೊಳ್ಳಿ. ಐಡಲ್‌ನಲ್ಲಿ ಎಂಜಿನ್ ಉಸಿರಾಡುವ ಗಾಳಿಯ ಹತ್ತನೇ ಒಂದು ಭಾಗ ಕ್ರ್ಯಾಂಕ್‌ಕೇಸನ್ನು ಹಾದು ಬಂದದ್ದು! ಇಷ್ಟು ಬಿಡಲು ಬೇಕಾದ ತೂತು ಒಂದೂವರೆ ಮಿಲಿಮೀಟರ್ ಅಗಲದ್ದು, ಅಷ್ಟೇ. ಆಗ ಬ್ಲೋ-ಬೈ ಬರುವುದು ನಿಮಿಷಕ್ಕೆ ಐದು ಲೀಟರಿನ ಆಸುಪಾಸು. ಹಾಗಾದರೆ ಉಳಿದ ಹತ್ತು ಲೀಟರ್ ಎಲ್ಲಿಂದ ಬಂತು?

ಅದು ಹೊಸ ಗಾಳಿ. ಪಿಸಿವಿಗೆ ಎರಡು ಪೈಪುಗಳಿವೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಒಂದು ವಾಲ್ವಿನಿಂದ ಮ್ಯಾನಿಫೋಲ್ಡ್‌ಗೆ. ಇನ್ನೊಂದು, ಏರ್ ಫಿಲ್ಟರ್ ದಾಟಿ ಥ್ರಾಟಲ್‌ಗಿಂತ ಮುಂಚೆ ಇರುವ ಜಾಗದಿಂದ ಟ್ಯಾಪೆಟ್ ಕವರಿಗೆ. ಮೊದಲನೆಯದು ಎಳೆಯುತ್ತದೆ. ಎರಡನೆಯದರಿಂದ ಫಿಲ್ಟರ್ ಆದ ಗಾಳಿ ಒಳಗೆ ಬಂದು, ಮೇಲಿಂದ ಕೆಳಗಿನವರೆಗೆ ಸುತ್ತಾಡಿ, ನೀರಿನ ಆವಿಯನ್ನೂ ಪೆಟ್ರೋಲ್ ಆವಿಯನ್ನೂ ಹೊತ್ತುಕೊಂಡು ವಾಲ್ವಿನ ಮೂಲಕ ಹೊರಡುತ್ತದೆ. ಕೋಣೆಯ ಒಂದೇ ಕಿಟಕಿ ತೆರೆದರೆ ಗಾಳಿ ಆಡುವುದಿಲ್ಲ, ಎದುರಿನದ್ದೂ ತೆರೆಯಬೇಕು. ಇದೂ ಹಾಗೇ. ಆಯಿಲ್ ಒಣಗಿರುವುದು, ಕೆಸರಾಗದೇ ಇರುವುದು ಈ ಹೊಸ ಗಾಳಿಯಿಂದ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಎಳೆತವೂ ಇರುತ್ತದೆ, ವಾಲ್ವೂ ಸಾಕಷ್ಟು ತೆರೆದಿರುತ್ತದೆ. ಹಾಗಾಗಿ ಚೆನ್ನಾಗಿ ಗಾಳಿ ಆಡುವುದು ಆಗಲೇ. ಊರೊಳಗೇ ಓಡುವ ಕಾರನ್ನು ಆಗಾಗ ಅರ್ಧ ಗಂಟೆ ದೂರ ಓಡಿಸಿ ಅನ್ನುವ ಮಾತಿಗೆ ಇದೂ ಒಂದು ಕಾರಣ.

ಈಗ ಘಾಟಿಗೆ ಬರೋಣ. 5000 ಸುತ್ತಿನಲ್ಲಿ ಪೂರ್ತಿ ತುಳಿದಾಗ ಎಂಜಿನ್ ನಿಮಿಷಕ್ಕೆ ಸುಮಾರು 3000 ಲೀಟರ್ ಗಾಳಿ ನುಂಗುತ್ತದೆ. ಬ್ಲೋ-ಬೈ ಅದರ ನೂರನೇ ಒಂದು ಭಾಗ ಅಂದರೂ 30 ಲೀಟರ್. ವಾಲ್ವಿನ ಬಾಯಿ ಈಗ ಅಗಲವಾಗಿದೆ, ಮೂರು ಮಿಲಿಮೀಟರ್ ತೂತಿನಷ್ಟು ಅನ್ನೋಣ. ಆದರೂ ಎಳೆತವೇ ಇಲ್ಲದ ಕಾರಣ ಅದರಲ್ಲಿ ಹೋಗುವುದು 20 ಲೀಟರ್ ಇರಬಹುದು. ಉಳಿದ ಹತ್ತು ಲೀಟರ್ ಹೊಸ ಗಾಳಿಯ ಪೈಪಿನಲ್ಲೇ ಹಿಂದಕ್ಕೆ ಹೋಗುತ್ತದೆ. ಆ ಪೈಪ್ ಈಗ ಉಲ್ಟಾ ಕೆಲಸ ಮಾಡುತ್ತಿದೆ. ಹೋಗಿ ಸೇರುವುದು ಮತ್ತೆ ಥ್ರಾಟಲ್‌ಗಿಂತ ಮುಂಚಿನ ಗಾಳಿಗೇ, ಅಲ್ಲಿಂದ ಮತ್ತೆ ಸಿಲಿಂಡರಿಗೇ. ಹೊರಗೆ ಒಂದು ಹನಿಯೂ ಹೋಗುವುದಿಲ್ಲ. ಶುರುವಿನ ಪಿಸಿವಿ ಕಾರುಗಳಲ್ಲಿ ಈ ಎರಡನೇ ಪೈಪ್ ಇರಲಿಲ್ಲ, ಆಯಿಲ್ ಮುಚ್ಚಳದಲ್ಲಿ ಜಾಲರಿ ಮಾತ್ರ ಇತ್ತು. ಗಾಡಿ ಏರು ಹತ್ತುವಾಗ ಆ ಜಾಲರಿಯಿಂದ ಹೊಗೆ ಹೊರಬರುತ್ತಿತ್ತು. 1960ರ ದಶಕದ ಕೊನೆಯ ಹೊತ್ತಿಗೆ ಜಾಲರಿ ಹೋಗಿ ಪೈಪ್ ಬಂತು.

ನಮ್ಮ ಕಾರಿನ ಗುಟ್ಟು ಬಯಲಾದದ್ದು ಈ ಎರಡನೇ ಪೈಪಿನಿಂದಲೇ. ಎಂಜಿನ್ ಬಿಚ್ಚುವ ಮೊದಲು ಇನ್ನೊಬ್ಬರ ಅಭಿಪ್ರಾಯ ಕೇಳೋಣ ಅಂತ, ವಯಸ್ಸಾದ ಒಬ್ಬ ಮೆಕ್ಯಾನಿಕ್ ಬಳಿ ಹೋದೆ. ಅವರು ಸೀಲಿನ ಕಡೆ ನೋಡಲೇ ಇಲ್ಲ. ಫಿಲ್ಟರ್ ಡಬ್ಬಿಯಿಂದ ಥ್ರಾಟಲ್‌ಗೆ ಹೋಗುವ ದಪ್ಪ ರಬ್ಬರ್ ಪೈಪ್ ಕಳಚಿ ಒಳಗೆ ಬೆರಳು ಹಾಕಿದರು. ಬೆರಳು ಕಪ್ಪು ಆಯಿಲಿನಿಂದ ಹೊಳೆಯುತ್ತಿತ್ತು. ಹೊಸ ಗಾಳಿಯ ಪೈಪ್ ಸೇರುವ ಜಾಗದ ಕೆಳಗೆ ಆಯಿಲ್ ಸಣ್ಣ ಹೊಂಡದಂತೆ ನಿಂತಿತ್ತು.

"ಇಲ್ಲಿ ಆಯಿಲ್ ಇರಬಾರದು. ಗಾಳಿ ಒಳಗೆ ಹೋಗೋ ದಾರೀಲಿ ಹೊಗೆ ವಾಪಸ್ ಬರ್ತಾ ಇದೆ" ಅಂದರು.

ಹಾಗೆ ವಾಪಸ್ ಬರಲು ಎರಡು ಕಾರಣ ಇರಬಹುದು. ರಿಂಗ್ ಸವೆದು ಬ್ಲೋ-ಬೈ ವಿಪರೀತ ಆಗಿರಬಹುದು, ಆಗ ವಾಲ್ವ್ ಸರಿಯಿದ್ದರೂ ಸಾಲುವುದಿಲ್ಲ. ಅಥವಾ ಬ್ಲೋ-ಬೈ ಮಾಮೂಲಿಯಾಗಿಯೇ ಇದ್ದು ವಾಲ್ವ್ ಕಟ್ಟಿಕೊಂಡಿರಬಹುದು. ಆಯಿಲ್ ಮುಚ್ಚಳ ತೆಗೆದು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಪುಸ್ ಪುಸ್ ಅನ್ನುತ್ತವೆ. ಮೊದಲಿನವರು ಎಡವಿದ್ದು ಇಲ್ಲೇ. ಬೇರೆ ಮಾಡಿ ನೋಡುವ ದಾರಿ, ಸಿಲಿಂಡರಿನೊಳಗೆ ಎಷ್ಟು ಒತ್ತಡ ಏರುತ್ತದೆ ಅಂತ ಅಳೆಯುವ ಕಂಪ್ರೆಶನ್ ಗೇಜ್. ಇವರು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿದರು. ನಾಲ್ಕೂ 170ರಿಂದ 180 ಪಿಎಸ್‌ಐ ಒಳಗೆ ಬಂದವು. ಒಂದಕ್ಕೊಂದು ಅಷ್ಟು ಹತ್ತಿರ ಇದ್ದ ಮೇಲೆ ರಿಂಗ್ ಹೋಗಿದೆ ಅನ್ನಲು ಆಗುವುದಿಲ್ಲ.

ಆಮೇಲೆ ವಾಲ್ವ್ ಕಿತ್ತರು. ಕಿವಿಯ ಹತ್ತಿರ ಅಲ್ಲಾಡಿಸಿ ನನ್ನ ಕೈಗೆ ಕೊಟ್ಟರು. ಸರಿಯಿರುವ ವಾಲ್ವ್ ಅಲ್ಲಾಡಿಸಿದರೆ ಒಳಗಿನ ಗೂಟ ಟಕಟಕ ಅನ್ನಬೇಕು. ಇದರಲ್ಲಿ ಸದ್ದೇ ಇಲ್ಲ. ಬಾಯಿಯಲ್ಲಿ ನೋಡಿದರೆ ಕಾಫಿ ಚರಟದ ಥರ ಗಟ್ಟಿ ಕೆಸರು. ಒಂದೂವರೆ ಮಿಲಿಮೀಟರಿನ ಸಂದು ಮುಚ್ಚಲು ಎಷ್ಟು ಬೇಕು? ಆಯಿಲ್ ಬದಲಾಯಿಸುವುದನ್ನು ನಾವು ಎರಡು ಸಲ ತಡ ಮಾಡಿದ್ದೆವು, ದಿನದ ಓಡಾಟವೂ ಚಿಕ್ಕದು. ಕೆಸರು ಕಟ್ಟಿತು, ವಾಲ್ವ್ ಮುಚ್ಚಿತು, ಗಾಳಿ ಆಡುವುದು ನಿಂತಿತು, ನೀರಿನ ಆವಿ ಒಳಗೇ ಉಳಿಯಿತು, ಕೆಸರು ಇನ್ನೂ ಹೆಚ್ಚಿತು. ಒಳಗಿನ ಒತ್ತಡ ಹೊಸ ಸೀಲಿನ ತುಟಿಯನ್ನೂ ಎತ್ತಿ ಆಯಿಲ್ ತಳ್ಳಿತು. ಎರಡು ಸಲ ಬದಲಿಸಿದ್ದರೂ, ಹತ್ತು ಸಲ ಬದಲಿಸಿದ್ದರೂ ಸೋರುತ್ತಲೇ ಇರುತ್ತಿತ್ತು.

ವಾಲ್ವ್ ಹೊಸದು ಹಾಕಿದೆವು. ಕೆಲವು ನೂರು ರೂಪಾಯಿ, ಹತ್ತು ನಿಮಿಷದ ಕೆಲಸ. ಅದರ ರಬ್ಬರ್ ಪೈಪಿನ ಒಳಗೂ ಕೆಸರಿತ್ತು, ಅದನ್ನೂ ಬದಲಿಸಿದೆವು. ಇದನ್ನು ಮರೆಯಬೇಡಿ, ಪೈಪ್ ಕಟ್ಟಿದ್ದರೆ ಹೊಸ ವಾಲ್ವ್ ಹಾಕಿ ಏನೂ ಉಪಯೋಗ ಇಲ್ಲ. ಆಮೇಲೆ ಎಂಜಿನ್ ಚಾಲೂ ಮಾಡಿ, ಮ್ಯಾನಿಫೋಲ್ಡ್‌ನ ಪೈಪಿಗೆ ಹಾಕಿದ್ದ ವಾಲ್ವನ್ನು ಕವರಿನಿಂದ ಎತ್ತಿ ಬಾಯಿಗೆ ಹೆಬ್ಬೆರಳು ಇಡಿ ಅಂದರು. ಬೆರಳನ್ನು ಹೀರಿಕೊಂಡ ಹಾಗೆ ಆಯಿತು, ಎಂಜಿನ್ ಸದ್ದು ಒಂದು ಚೂರು ಇಳಿಯಿತು. ಒಳಗೆ ಟಕ್ ಅಂತ ಗೂಟ ಸರಿದದ್ದು ಬೆರಳಿಗೇ ಗೊತ್ತಾಯಿತು. ವಾಲ್ವ್ ಮತ್ತೆ ಕೂರಿಸಿ, ಹೊಸ ಗಾಳಿಯ ಪೈಪನ್ನು ಸ್ವಲ್ಪ ಹೊತ್ತು ಮುಚ್ಚಿ ಹಿಡಿದು, ಆಯಿಲ್ ಮುಚ್ಚಳ ತೆಗೆದ ಬಾಯಿಯ ಮೇಲೆ ಹಳೆ ಬಿಲ್ಲಿನ ಒಂದು ಕಾಗದ ಇಟ್ಟರು. ಕಾಗದ ಮೆಲ್ಲಗೆ ಒಳಕ್ಕೆ ಬಾಗಿ ಅಂಟಿಕೊಂಡಿತು. ಹಿಂದಿನ ವಾರ ಅದೇ ಬಾಯಿಂದ ಗಾಳಿ ಹೊರಗೆ ಬರುತ್ತಿತ್ತು.

ವಾಲ್ವ್ ಮುಚ್ಚಿಕೊಳ್ಳುವುದರ ಬದಲು ತೆರೆದೇ ನಿಂತರೆ ಲಕ್ಷಣಗಳು ಬೇರೆ. ಮೇಲಿನ ಲೆಕ್ಕದಲ್ಲೇ ನೋಡಿ. ಐಡಲ್‌ನ ಜೋರು ಎಳೆತಕ್ಕೆ ಮೂರು ಮಿಲಿಮೀಟರ್ ಬಾಯಿ ತೆರೆದಿದ್ದರೆ 15 ಲೀಟರ್ ಹೋಗುವ ಕಡೆ 60, 70 ಲೀಟರ್ ಹೋಗುತ್ತದೆ. ಎಂಜಿನ್‌ಗೆ ಬೇಕಾದ 150ರಲ್ಲಿ ಅರ್ಧದಷ್ಟು. ಐಡಲ್ ಏರುತ್ತದೆ, ಇಲ್ಲವೇ ಏರಿ ಇಳಿದು ತೂಗಾಡುತ್ತದೆ. ಜೊತೆಗೆ ಆಯಿಲಿನ ತುಂತುರನ್ನೂ ಎಳೆದುಕೊಳ್ಳುತ್ತದೆ, ಹೊರಗೆ ಎಲ್ಲೂ ಸೋರದೇ ಆಯಿಲ್ ಕಡಿಮೆಯಾಗುತ್ತದೆ. ಈಗಿನ ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಬೇರೆಯಾಗಿ ಇರುವುದಿಲ್ಲ, ಟ್ಯಾಪೆಟ್ ಕವರಿನ ಒಳಗೇ ತೆಳು ರಬ್ಬರ್ ಪೊರೆಯಾಗಿ ಇರುತ್ತದೆ. ಆ ಪೊರೆ ಹರಿದರೆ ಸಿಳ್ಳೆಯಂಥ ಸದ್ದು ಬರುತ್ತದೆ, ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆಯಲು ಹೋದರೆ ಹಿಡಿದೆಳೆದ ಹಾಗೆ ಬಿಗಿಯಾಗಿರುತ್ತದೆ. ಪೈಪ್ ಸೀಳಿ ಹೊರಗಿನ ಗಾಳಿ ಒಳನುಗ್ಗಿದರೆ, ಗಾಳಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ ಆ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ. ಸ್ಕ್ಯಾನರಿನಲ್ಲಿ P0171 ಅಂತ ಬರುತ್ತದೆ, ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಇಂಜೆಕ್ಟರ್ ತೊಳೆಸುವ ಮೊದಲು ಆ ಪೈಪನ್ನು ಬಗ್ಗಿಸಿ ಸೀಳು ಇದೆಯಾ ನೋಡಿ.

ಕೆಲವರು ಹೊಸ ಗಾಳಿಯ ಪೈಪನ್ನು ತೆಗೆದು, ಟ್ಯಾಪೆಟ್ ಕವರಿಗೆ ಒಂದು ಪುಟ್ಟ ಫಿಲ್ಟರ್ ಸಿಕ್ಕಿಸಿ ವಾಲ್ವಿನ ಪೈಪನ್ನು ಮುಚ್ಚಿಬಿಡುತ್ತಾರೆ. ಎಂಜಿನ್ ಕೊಳೆ ಗಾಳಿ ಕುಡಿಯಬಾರದು ಅನ್ನುವ ಆಸೆ. ನನ್ನ ಪ್ರಕಾರ ಇದು ತಪ್ಪು. ಒತ್ತಡವೇನೋ ಹೊರಹೋಗುತ್ತದೆ, ಆದರೆ ಎಳೆತ ಇಲ್ಲದ ಕಾರಣ ಗಾಳಿ ಆಡುವುದಿಲ್ಲ, ನೀರು ಒಳಗೇ ಉಳಿಯುತ್ತದೆ. ಪೆಟ್ರೋಲ್ ಆವಿ ಊರಿಗೆ ಹೋಗುತ್ತದೆ. ನಮ್ಮ ಪಿಯುಸಿ ಪರೀಕ್ಷೆ ಸೈಲೆನ್ಸರನ್ನು ಮಾತ್ರ ನೋಡುವುದರಿಂದ ಅಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಆದರೆ ಹೊಸ ಮಾದರಿಗೆ ಒಪ್ಪಿಗೆ ಕೊಡುವಾಗ ಇದಕ್ಕೆಂದೇ ಬೇರೆ ಪರೀಕ್ಷೆ ಇದೆ. ಯುರೋಪಿನ ನಿಯಮದಲ್ಲಿ ಅದರ ಹೆಸರು ಟೈಪ್ 3. ಕಾರನ್ನು ಐಡಲ್‌ನಲ್ಲಿ ಮತ್ತು 50 ಕಿಲೋಮೀಟರ್ ವೇಗದಲ್ಲಿ ಓಡಿಸಿ, ಆಯಿಲ್ ಮಟ್ಟ ನೋಡುವ ಕಡ್ಡಿಯ, ಅಂದರೆ ಡಿಪ್‌ಸ್ಟಿಕ್‌ನ ತೂತಿನಲ್ಲಿ ಒತ್ತಡ ಅಳೆಯುತ್ತಾರೆ. ಅದು ಹೊರಗಿನ ಒತ್ತಡಕ್ಕಿಂತ ಹೆಚ್ಚಿರಬಾರದು. ಹೆಚ್ಚಿದ್ದರೆ ಇನ್ನೊಂದು ಅವಕಾಶ ಇದೆ: ಅದೇ ತೂತಿಗೆ ಸುಮಾರು ಐದು ಲೀಟರಿನ ಒಂದು ಚೀಲ ಕಟ್ಟಿ ಐದು ನಿಮಿಷ ಬಿಡುತ್ತಾರೆ. ಚೀಲ ಕಣ್ಣಿಗೆ ಕಾಣುವಂತೆ ಉಬ್ಬಬಾರದು.

ಪಿಸಿವಿಯಲ್ಲಿ ಕುಂದು ಇಲ್ಲ ಅಂತ ಅಲ್ಲ. ಹೊಗೆಯ ಜೊತೆ ಆಯಿಲಿನ ತುಂತುರು ಸ್ವಲ್ಪ ಹೋಗೇ ಹೋಗುತ್ತದೆ, ಕವರಿನೊಳಗೆ ಅಡ್ಡ ತಗಡುಗಳಿದ್ದರೂ ಎಲ್ಲವೂ ಬೇರೆಯಾಗುವುದಿಲ್ಲ. ಪೆಟ್ರೋಲನ್ನು ಇನ್‌ಟೇಕ್ ದಾರಿಯಲ್ಲೇ ಚಿಮ್ಮಿಸುವ ಎಂಜಿನ್‌ಗಳಲ್ಲಿ ಆ ಪೆಟ್ರೋಲೇ ಇನ್‌ಟೇಕ್ ವಾಲ್ವಿನ ಬೆನ್ನನ್ನು ತೊಳೆಯುತ್ತಿರುತ್ತದೆ. ನೇರ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್‌ಗಳಲ್ಲಿ ಆ ತೊಳೆತ ಇಲ್ಲ, ಅಲ್ಲಿ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಟರ್ಬೊ ಇದ್ದರೆ ಮತ್ತೊಂದು ತೊಡಕು. ಟರ್ಬೊ ತುಂಬುವಾಗ ಮ್ಯಾನಿಫೋಲ್ಡ್‌ನ ಒತ್ತಡ ಹೊರಗಿನದಕ್ಕಿಂತ ಜಾಸ್ತಿ, ಎಳೆಯುವ ಮಾತೇ ಇಲ್ಲ. ಆಗ ಒಂದು ಕಡೆಗೆ ಮಾತ್ರ ತೆರೆಯುವ ವಾಲ್ವ್ ಆ ದಾರಿ ಮುಚ್ಚುತ್ತದೆ, ಹೊಗೆ ಬೇರೆ ಪೈಪಿನಲ್ಲಿ ಟರ್ಬೊದ ಬಾಯಿಗೆ ಹೋಗುತ್ತದೆ. ಡೀಸೆಲ್‌ನಲ್ಲೂ ಹೆಚ್ಚುಕಡಿಮೆ ಹೀಗೇ, ಅಲ್ಲಿ ಮ್ಯಾನಿಫೋಲ್ಡ್‌ನಲ್ಲಿ ಹೇಳಿಕೊಳ್ಳುವಂಥ ಎಳೆತ ಇರುವುದಿಲ್ಲ.

ಬೈಕಿನಲ್ಲಿ ಇದೇ ಕೆಲಸ ಇನ್ನೂ ಸರಳ. ಒಂದೇ ಸಿಲಿಂಡರಿನ ಬೈಕಿನಲ್ಲಿ ಪಿಸ್ಟನ್ ಇಳಿದಾಗಲೆಲ್ಲ ಕೆಳಗಿನ ಗಾಳಿ ಒತ್ತಿಕೊಂಡು ಹೊರಗೆ ದೂಡುತ್ತದೆ, ಏರಿದಾಗ ಹೀರಿಕೊಳ್ಳುತ್ತದೆ. ಈಗಿನ ಬಹುತೇಕ ಬೈಕುಗಳಲ್ಲಿ ಆ ಉಸಿರಿನ ಪೈಪ್ ಏರ್ ಫಿಲ್ಟರ್ ಡಬ್ಬಿಗೆ ಸೇರುತ್ತದೆ. ಡಬ್ಬಿಯ ತಳದಲ್ಲಿ, ಕೆಳಗಡೆ ಮುಚ್ಚಿದ ಒಂದು ಪಾರದರ್ಶಕ ಪೈಪ್ ನೇತಾಡುತ್ತಿರುವುದನ್ನು ನೀವು ನೋಡಿರಬಹುದು. ಹೊಗೆಯಿಂದ ಬೇರೆಯಾದ ನೀರು ಮತ್ತು ಆಯಿಲ್ ಅಲ್ಲಿ ಇಳಿದು ನಿಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅದನ್ನು ನೋಡಿ. ಹಾಲಿನ ಬಣ್ಣದ ನೀರು ಚೂರು ಇದ್ದರೆ ಮುಚ್ಚಳ ಕಿತ್ತು ಒಂದು ಡಬ್ಬಕ್ಕೆ ಸುರಿದು ಮತ್ತೆ ಹಾಕಿದರೆ ಸಾಕು. ಬರೀ ಕಪ್ಪು ಆಯಿಲ್ ಪದೇ ಪದೇ ತುಂಬುತ್ತಿದ್ದರೆ ಮೊದಲು ಡಿಪ್‌ಸ್ಟಿಕ್ ನೋಡಿ, ಆಯಿಲ್ ಗುರುತಿಗಿಂತ ಜಾಸ್ತಿ ಹಾಕಿದ್ದೀರೇನೋ. ಅದು ಸರಿಯಿದ್ದರೆ ಆಗ ಕಂಪ್ರೆಶನ್ ಗೇಜ್ ಇರುವ ಗ್ಯಾರೇಜ್ ಹುಡುಕಿ.